ಮೂರು ಗುರುವಾರಗಳು

ಪುಣೆಯಲ್ಲಿ ನಾನು ಮಾಡುವ ಕೆಲಸವನ್ನು ಊರಿನಲ್ಲಿ ವಿವರಿಸುವುದು ಕಷ್ಟ. ಪೇಟೆಂಟ್ ಅರ್ಜಿಗಳ ಹಿಂದಿರುವ ಪ್ರಯೋಗಾಲಯದ ನೋಟ್‌ಬುಕ್ಕುಗಳನ್ನು ಓದಿ, ಯಾವ ಸಂಗತಿ ಯಾವ ದಿನಾಂಕಕ್ಕೆ ನಿಜವಾಗಿ ಗೊತ್ತಿತ್ತು ಎಂದು ಹೇಳುವುದು ಅದರ ಸಾರ. "ಅಂದ್ರೆ ಬೇರೆಯವರ ಡೈರಿ ಓದೋ ಕೆಲಸ" ಎಂದು ಅಮ್ಮ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ತಪ್ಪೇನಲ್ಲ.

ಪ್ರತಿ ಫೆಬ್ರವರಿ 28ಕ್ಕೆ, ರಾಷ್ಟ್ರೀಯ ವಿಜ್ಞಾನ ದಿನದಂದು, ನಮ್ಮ ಕಚೇರಿಯಲ್ಲಿ ಒಂದು ಜಗಳ ತಪ್ಪದೆ ನಡೆಯುತ್ತದೆ. ರಾಮನ್ ಪರಿಣಾಮವನ್ನು ರಷ್ಯನ್ನರು ಒಂದು ವಾರ ಮೊದಲೇ ಕಂಡಿದ್ದರು ಎಂದು ಒಬ್ಬರು. ನಿಜವಾದ ಕೆಲಸ ಮಾಡಿದವರು ಕೃಷ್ಣನ್, ಹೆಸರು ಮಾತ್ರ ರಾಮನ್‌ರದ್ದು ಎಂದು ಇನ್ನೊಬ್ಬರು. ನಾನು ಬೆಂಗಳೂರಿನವಳಾದ್ದರಿಂದ ರಾಮನ್‌ರ ಪರ ವಕಾಲತ್ತು ನನ್ನದೇ ಎಂದು ಎಲ್ಲರೂ ಮೊದಲೇ ತೀರ್ಮಾನಿಸಿರುತ್ತಾರೆ. ಒಂದು ವರ್ಷ ವಕಾಲತ್ತು ಬಿಟ್ಟು, ಸಂಬಳಕ್ಕೆ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಿ ನೋಡೋಣ ಎಂದು ಕೂತೆ. ನೋಟ್‌ಬುಕ್ ಇದೆ, ದಿನಾಂಕವಿರುವ ಪ್ರಕಟಣೆಗಳಿವೆ. ಇನ್ನೇನು ಬೇಕು?

ನೋಟ್‌ಬುಕ್ ಎಂದರೆ ಕೆ.ಎಸ್. ಕೃಷ್ಣನ್ ಅವರ ದಿನಚರಿ. 1928ರ ಫೆಬ್ರವರಿ 5ರಿಂದ 28ರವರೆಗಿನ ಅದರ ಪುಟಗಳು ಅಚ್ಚಾಗಿವೆ. ಜಾಗ ಕಲ್ಕತ್ತೆ, ಬೌಬಜಾರ್ ಬೀದಿಯ 210ನೇ ಸಂಖ್ಯೆಯ ಕಟ್ಟಡ, ಅಂದರೆ ವಿಜ್ಞಾನ ಸಂವರ್ಧನಾ ಸಂಘ. ಅಲ್ಲಿ ನಡೆಯುತ್ತಿದ್ದ ಪ್ರಯೋಗ ಕೇಳಲು ಸರಳ. ಬಿಸಿಲಿನ ಕಿರಣವನ್ನು ನೀಲಿ-ನೇರಳೆ ಗಾಜಿನ ಮೂಲಕ ಹಾಯಿಸಿ, ಶುದ್ಧ ಮಾಡಿದ ದ್ರವದೊಳಗೆ ಬಿಡುತ್ತಾರೆ. ದ್ರವದಲ್ಲಿ ಚದುರಿದ ಬೆಳಕನ್ನು ಪಕ್ಕದಿಂದ ನೋಡುವಾಗ ಹಸಿರು-ಹಳದಿಯ ಇನ್ನೊಂದು ಗಾಜನ್ನು ಕಣ್ಣಿಗೆ ಅಡ್ಡ ಹಿಡಿಯುತ್ತಾರೆ. ಈ ಎರಡು ಗಾಜುಗಳನ್ನು ಒಂದರ ಮೇಲೊಂದು ಇಟ್ಟರೆ ಬೆಳಕು ದಾಟದು. ಒಂದು ಬಿಟ್ಟದ್ದನ್ನು ಇನ್ನೊಂದು ತಡೆಯುತ್ತದೆ. ಹಾಗಿದ್ದೂ ಬೆಳಕಿನ ಜಾಡು ಮಸುಕಾಗಿ ಕಂಡರೆ, ದ್ರವದ ಒಳಗೆ ಬೆಳಕಿನ ಬಣ್ಣವೇ ಬದಲಾಗಿದೆ ಎಂದರ್ಥ.

ಹೀಗೆ ಕಂಡದ್ದು 1928ರಲ್ಲಿ ಹೊಸದಲ್ಲ. ಅದೇ ಸಂಘದಲ್ಲಿ ಕೆ.ಆರ್. ರಾಮನಾಥನ್ 1923ರಲ್ಲೇ ಇಂಥ ಮಸುಕು ಬೆಳಕನ್ನು ಕಂಡಿದ್ದರು. ಆಗ ಅದನ್ನು ದುರ್ಬಲ ಪ್ರತಿದೀಪ್ತಿ ಎಂದು ಬರೆದಿಟ್ಟರು. ಬೆಳಕನ್ನು ಹೀರಿಕೊಂಡು ಬೇರೆ ಬಣ್ಣದಲ್ಲಿ ಹೊರಬಿಡುವ, ಎಲ್ಲರಿಗೂ ಗೊತ್ತಿದ್ದ ಗುಣ ಅದು. ಬರಿಯ 'ಕಂಡ ದಿನ'ವೇ ಲೆಕ್ಕವಾದರೆ ಶೋಧ 1923ರದ್ದಾಗುತ್ತದೆ, ರಷ್ಯನ್ನರ ಮಾತೂ ಬರುವುದಿಲ್ಲ, ಫೆಬ್ರವರಿ 28ರ ಮಾತೂ ಬರುವುದಿಲ್ಲ. ಆದ್ದರಿಂದ ನಮ್ಮ ಕೆಲಸದಲ್ಲಿ ಪ್ರತಿ ನಮೂದಿಗೂ ಮೂರು ಬೇರೆ ಪ್ರಶ್ನೆ ಕೇಳುತ್ತೇವೆ: ಏನು ಕಂಡರು, ಅದು ಏನೆಂದು ಯಾವಾಗ ತಿಳಿದರು, ಹೊರಗಿನವರಿಗೆ ಯಾವಾಗ ಹೇಳಿದರು.

ಎರಡನೆಯ ಪ್ರಶ್ನೆಗೆ ದಿನಚರಿಯ ಫೆಬ್ರವರಿ 7ರ ಪುಟ ಉತ್ತರ ಕೊಡುತ್ತದೆ. ಆ ದಿನ ಅವರು ಮಸುಕು ಬೆಳಕಿನ ಧ್ರುವೀಕರಣವನ್ನು ಪರೀಕ್ಷಿಸಿದ್ದರು. ದ್ರವಗಳ ಸಾಮಾನ್ಯ ಪ್ರತಿದೀಪ್ತಿಯಲ್ಲಿ ಬೆಳಕಿನ ಕಂಪನಗಳಿಗೆ ಒಂದು ದಿಕ್ಕು ಉಳಿದಿರುವುದಿಲ್ಲ. ಇಲ್ಲಿ ಮಾತ್ರ ಚದುರಿದ ಬೆಳಕಿನಲ್ಲಿರುವ ಹಾಗೆ ಸ್ಪಷ್ಟ ದಿಕ್ಕಿತ್ತು. ರಾತ್ರಿ ಸುಮಾರು ಒಂಬತ್ತಕ್ಕೆ ರಾಮನ್ ಕೃಷ್ಣನ್‌ರ ಮನೆಗೇ ಬಂದು, ಇದು ಕ್ರಾಮರ್ಸ್ ಮತ್ತು ಹೈಸೆನ್‌ಬರ್ಗ್ ಗಣಿತದಿಂದ ಸೂಚಿಸಿದ್ದ ಪರಿಣಾಮವೇ ಇರಬೇಕು ಎಂದು ಉದ್ವೇಗದಿಂದ ಹೇಳಿದರಂತೆ. ಪ್ರತಿದೀಪ್ತಿ ಎಂಬ ಹಳೆಯ ಹೆಸರು ಬಿದ್ದು, 'ಮಾರ್ಪಟ್ಟ ಚದುರಿಕೆ' ಎಂಬ ಹೆಸರು ಬಂದದ್ದು ಆಗ.

ಆದರೆ ದಿನಚರಿಯನ್ನು ನಂಬಬಹುದೆ? ಪೇಟೆಂಟಿಗೆ ಬರುವ ಒಳ್ಳೆಯ ನೋಟ್‌ಬುಕ್ಕಿನಲ್ಲಿ ಪುಟಗಳಿಗೆ ಸಂಖ್ಯೆ ಇರುತ್ತದೆ, ಖಾಲಿ ಜಾಗಕ್ಕೆ ಅಡ್ಡಗೆರೆ ಬಿದ್ದಿರುತ್ತದೆ, ಬೇರೊಬ್ಬರು ಓದಿ ಸಹಿ ಹಾಕಿರುತ್ತಾರೆ. ಖಾಸಗಿ ದಿನಚರಿಗೆ ಇವು ಯಾವುವೂ ಇಲ್ಲ. 10ರಿಂದ 15ರವರೆಗಿನ ದಿನಗಳಿಗೆ ಕೃಷ್ಣನ್ ಒಂದೇ ನಮೂದು ಬರೆದಿದ್ದಾರೆ: ಹಲವು ಆವಿಗಳನ್ನು ಪರೀಕ್ಷಿಸಿದೆವು, ಪರಿಣಾಮ ಕಂಡರೂ ಧ್ರುವೀಕರಣದ ಬಗ್ಗೆ ಖಚಿತವಾಗಿ ಹೇಳಲಾಗಲಿಲ್ಲ ಎಂಬ ಅರ್ಥದ್ದು. ಆ ನಮೂದು 15ಕ್ಕೆ ಮೊದಲು ಬರೆದದ್ದಾಗಿರಲು ಸಾಧ್ಯವಿಲ್ಲ. ಎಂದರೆ ಎಲ್ಲವನ್ನೂ ಅಂದಂದೇ ಬರೆದಿಲ್ಲ. ಇನ್ನೊಂದು ಕಡೆ, ಹೆಮ್ಮೆಗಾಗಿ ಆಮೇಲೆ ಕೂತು ಬರೆದ ದಿನಚರಿ ಹೀಗಿರುವುದೂ ಇಲ್ಲ. ಖಚಿತವಾಗಲಿಲ್ಲ ಎಂಬ ಮಾತು ಅಲ್ಲಿ ಉಳಿಯುತ್ತಿರಲಿಲ್ಲ. 27ರ ಪುಟದಲ್ಲಂತೂ ಮನೆಯಲ್ಲಿ ಧಾರ್ಮಿಕ ಕಾರ್ಯವಿದ್ದುದರಿಂದ ಸಂಘಕ್ಕೆ ಹೋಗಲಿಲ್ಲ ಎಂದಿದೆ. ಮರುದಿನದ ಮಹತ್ವ ಗೊತ್ತಿದ್ದು ಬರೆದವರು ಹಿಂದಿನ ದಿನವನ್ನು ಇಷ್ಟು ಖಾಲಿ ಬಿಡುವುದು ಅಪರೂಪ.

ಇಂಥ ಲಕ್ಷಣಗಳು ಸಮಾಧಾನ ಕೊಡುತ್ತವೆ, ಪುರಾವೆ ಕೊಡುವುದಿಲ್ಲ. ಪುರಾವೆಗೆ ದಿನಚರಿಯ ಹೊರಗಿನ ಗಡಿಯಾರ ಬೇಕು. ಅದು ಸಿಕ್ಕಿದ್ದು ಲಂಡನ್ನಿನ 'ನೇಚರ್' ಪತ್ರಿಕೆಯಲ್ಲಿ. ಆ ವಸಂತದಲ್ಲಿ ಬೌಬಜಾರ್ ಬೀದಿಯಿಂದ ಹೋದ ಮೂರು ಪತ್ರಗಳು ಅಲ್ಲಿ ಅಚ್ಚಾದವು. ಪತ್ರದ ಕೆಳಗಿನ ದಿನಾಂಕವನ್ನೂ ಅಚ್ಚಾದ ದಿನಾಂಕವನ್ನೂ ಪಕ್ಕಪಕ್ಕ ಬರೆದುಕೊಂಡೆ. ಮೊದಲನೆಯದು ಫೆಬ್ರವರಿ 16ರದ್ದು, ಅಚ್ಚಾದದ್ದು ಮಾರ್ಚ್ 31ಕ್ಕೆ. ಎರಡನೆಯದು ಮಾರ್ಚ್ 8ರದ್ದು, ಅಚ್ಚಾದದ್ದು ಏಪ್ರಿಲ್ 21ಕ್ಕೆ. ಮೂರನೆಯದು ಮಾರ್ಚ್ 22ರದ್ದು, ಅಚ್ಚಾದದ್ದು ಮೇ 5ಕ್ಕೆ. 1928 ಅಧಿಕ ವರ್ಷ, ಫೆಬ್ರವರಿಗೆ 29 ದಿನ ಎಂಬುದನ್ನು ಮರೆಯದೆ ಎಣಿಸಿ. ಮೊದಲನೆಯದಕ್ಕೆ 44 ದಿನ. ಎರಡನೆಯದಕ್ಕೂ 44. ಮೂರನೆಯದಕ್ಕೂ 44.

ಆಮೇಲೆ ಆ ವರ್ಷದ ಕ್ಯಾಲೆಂಡರ್ ತೆರೆದೆ. ಮೂರೂ ಪತ್ರಗಳ ದಿನಾಂಕ ಬೀಳುವುದು ಗುರುವಾರ. ಪತ್ರಿಕೆ ಹೊರಬಂದದ್ದು ಮೂರು ಸಲವೂ ಶನಿವಾರ. ಹಡಗಿನ ಅಂಚೆ ವಾರದ ಒಂದು ಗೊತ್ತಾದ ದಿನ ಕಲ್ಕತ್ತೆ ಬಿಡುತ್ತಿದ್ದಿರಬೇಕು, ಇವರು ಆ ದಿನಕ್ಕೆ ಸರಿಯಾಗಿ ಪತ್ರ ಮುಗಿಸುತ್ತಿದ್ದಿರಬೇಕು ಎಂದು ನನ್ನ ಊಹೆ. ಊಹೆ ಏನೇ ಇರಲಿ, ಲೆಕ್ಕ ಹೇಳುವುದು ಸ್ಪಷ್ಟ. ಮೊದಲ ಪತ್ರವನ್ನು ಫೆಬ್ರವರಿ 28ರ ನಂತರ ಬರೆದು ಹಿಂದಿನ ದಿನಾಂಕ ಹಾಕಿದ್ದರೆ, ಅದು ಉಳಿದೆರಡಕ್ಕಿಂತ ಎರಡು ವಾರ ಬೇಗ ಲಂಡನ್ ಮುಟ್ಟಿ ಅಚ್ಚಾಗಬೇಕಿತ್ತು. ಹಾಗೆ ಅವಸರದಲ್ಲಿ ಸಾಗಿದ ಸುಳಿವಿಲ್ಲ. ಆ ದಿನ ಪತ್ರ ಕಳಿಸಿದ್ದನ್ನು ದಿನಚರಿಯೂ ಹೇಳುತ್ತದೆ. ಒಂದು ಸಾಕ್ಷಿ ಕಲ್ಕತ್ತೆಯ ಮೇಜಿನ ಮೇಲಿನದು, ಇನ್ನೊಂದು ಲಂಡನ್ನಿನ ಅಚ್ಚುಮನೆಯದು. ಎರಡೂ ಒಂದೇ ದಿನವನ್ನು ತೋರಿಸುತ್ತವೆ.

ದಿನಾಂಕದಷ್ಟೇ ಮುಖ್ಯವಾದದ್ದು ಪತ್ರದ ಒಳಗಿನ ವಿಷಯ. ಫೆಬ್ರವರಿ 16ರ ಪತ್ರಕ್ಕೆ ರಾಮನ್, ಕೃಷ್ಣನ್ ಇಬ್ಬರ ಹೆಸರೂ ಇದೆ. ಸುಮಾರು 60 ದ್ರವಗಳಲ್ಲಿ ಬಣ್ಣ ಬದಲಾದ ಚದುರಿಕೆ ಕಂಡಿದೆ, ಅದರ ಧ್ರುವೀಕರಣ ಪ್ರತಿದೀಪ್ತಿಯದ್ದಲ್ಲ ಎನ್ನುತ್ತದೆ ಅದು. ರೋಹಿತದ ಗೆರೆಗಳ ಮಾತು ಅಲ್ಲಿ ಇಲ್ಲ, ಇರಲೂಬಾರದು. ಏಕೆಂದರೆ ದಿನಚರಿಯ ಪ್ರಕಾರ, ಒಳಬರುವ ಬೆಳಕನ್ನು ಯುರೇನಿಯಂ ಗಾಜಿನಿಂದ ಇನ್ನೂ ಕಿರಿದು ಮಾಡಿ, ಸಣ್ಣ ರೋಹಿತದರ್ಶಕದಲ್ಲಿ ನೋಡಿ, ಹಳೆಯ ಬೆಳಕಿಗೂ ಹೊಸ ಬೆಳಕಿಗೂ ನಡುವೆ ಕತ್ತಲೆಯ ಪಟ್ಟಿಯೊಂದನ್ನು ಕಂಡದ್ದು 28ರ ಮಂಗಳವಾರ ಮಧ್ಯಾಹ್ನದ ಮೇಲೆ. ಮರುದಿನ ಸುದ್ದಿ ಪತ್ರಿಕೆಗಳಿಗೆ ಹೋಯಿತು. ಪಾದರಸ ದೀಪದ ಬೆಳಕಿನಲ್ಲಿ ಕಂಡ ಗೆರೆಗಳು ಮಾರ್ಚ್ 8ರ ಪತ್ರದಲ್ಲಿ ಬರುತ್ತವೆ. ನೋಟ್‌ಬುಕ್ ಮತ್ತು ಪ್ರಕಟಣೆ ಒಂದೇ ಕ್ರಮದಲ್ಲಿ ಬೆಳೆಯುತ್ತವೆ. ಸುಳ್ಳು ದಿನಾಂಕ ಸಾಮಾನ್ಯವಾಗಿ ಸಿಕ್ಕಿಬೀಳುವುದು ಇಲ್ಲಿಯೇ: ಆ ದಿನ ಗೊತ್ತಿರಲಾರದ ಸಂಗತಿಯೊಂದು ಪುಟದೊಳಗೆ ನುಸುಳಿರುತ್ತದೆ.

ಈಗ ಮಾಸ್ಕೋ. ಲ್ಯಾಂಡ್ಸ್‌ಬರ್ಗ್ ಮತ್ತು ಮಂಡೆಲ್‌ಷ್ಟಾಮ್ ನೋಡುತ್ತಿದ್ದದ್ದು ದ್ರವವನ್ನಲ್ಲ, ಕ್ವಾರ್ಟ್ಸ್ ಹರಳನ್ನು. ಹುಡುಕುತ್ತಿದ್ದದ್ದೂ ಬೇರೆ: ಹರಳಿನೊಳಗಿನ ಶಾಖದ ಅಲೆಗಳಿಂದ ಬೆಳಕಿನ ಗೆರೆ ಅತಿ ಸೂಕ್ಷ್ಮವಾಗಿ ಸೀಳುವುದನ್ನು. ಅವರ ಛಾಯಾಫಲಕದಲ್ಲಿ ಮೂಡಿದ್ದು ಅದಕ್ಕಿಂತ ಎಷ್ಟೋ ದೂರ ಸರಿದ ಹೊಸ ಗೆರೆಗಳು. ಅವರೇ ಹೇಳಿಕೊಂಡಂತೆ ಆ ದಿನ 1928ರ ಫೆಬ್ರವರಿ 21. ಉಪಕರಣದೊಳಗೆ ಅಡ್ಡಾಡುವ ಬೆಳಕಿನಿಂದ ಆದ ಮೋಸ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಪಾದರಸದ ಆವಿಯನ್ನು ದಾರಿಯಲ್ಲಿಟ್ಟು ಮೂಲ ಗೆರೆಯನ್ನು ಹೀರಿಸಿದರು. ಹೊಸ ಗೆರೆಗಳು ಉಳಿದವು. ಏಪ್ರಿಲ್ 27ರಂದು ವಿಚಾರಗೋಷ್ಠಿಯಲ್ಲಿ ಹೇಳಿದರು. ಜರ್ಮನ್ ಪತ್ರಿಕೆಗೆ ಬರೆದ ಪತ್ರದ ದಿನಾಂಕ ಮೇ 6, ಅಚ್ಚಾದದ್ದು ಜುಲೈ 13. ಅದರಲ್ಲಿ ರಾಮನ್‌ರ ವರದಿಯನ್ನು ಹೆಸರಿಸಿ, ತಾವು ಕಂಡದ್ದಕ್ಕೂ ಅದಕ್ಕೂ ಇರುವ ಸಂಬಂಧವನ್ನು ಸದ್ಯಕ್ಕೆ ನಿರ್ಣಯಿಸಲಾರೆವು ಎಂದಿದ್ದಾರೆ. ಬೇರೆ ವಸ್ತು, ಬೇರೆ ಗುರಿ, ಬೇರೆ ಪರೀಕ್ಷೆ. ಅವರು ಕಲ್ಕತ್ತೆಯಿಂದ ಏನನ್ನೂ ಎತ್ತಿಕೊಂಡಿಲ್ಲ ಎಂಬುದಕ್ಕೆ ಅವರ ಕೆಲಸದ ರೀತಿಯೇ ಸಾಕ್ಷಿ. ರಷ್ಯನ್ನರು ಇದನ್ನು ಇಂದಿಗೂ ರಾಮನ್‌ರ ಹೆಸರಿನಿಂದ ಕರೆಯದೆ ಕಾಂಬಿನೇಷನ್ ಚದುರಿಕೆ ಎನ್ನುವುದರ ಹಿಂದೆ ಈ ನೋವಿದೆ.

ಹಾಗಾದರೆ "ಒಂದು ವಾರ ಮೊದಲು" ಎಂಬ ಮಾತು? 21 ಮತ್ತು 28ನ್ನು ಹೋಲಿಸಿದರೆ ಅದು ನಿಜ: ರೋಹಿತದಲ್ಲಿ ಬೇರೆಯಾದ ಬೆಳಕನ್ನು ಮೊದಲು ಕಂಡದ್ದು ಮಾಸ್ಕೋ. ಆದರೆ ಬೆಳಕು ಬಣ್ಣ ಬದಲಿಸಿ ಚದುರುತ್ತದೆ, ಇದು ಪ್ರತಿದೀಪ್ತಿಯಲ್ಲ ಎಂದು ತಿಳಿದು ಬರೆದು ಕಳಿಸಿದ್ದು 16ರಂದು, ಅಂದರೆ ಮಾಸ್ಕೋದ ಫಲಕಕ್ಕಿಂತ ಐದು ದಿನ ಹಿಂದೆ. ಹೊರಗೆ ಹೇಳಿದ್ದರಲ್ಲಂತೂ ಅಂತರ ತಿಂಗಳುಗಳದ್ದು. ಮಾರ್ಚ್ 16ರ ಶುಕ್ರವಾರ ರಾಮನ್ ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದಲ್ಲಿ, ಇದನ್ನು ಇಡಿಯಾಗಿ ವಿವರಿಸಿದರು. 'ನೇಚರ್' ಇನ್ನೂ ಒಂದು ಸಾಲನ್ನೂ ಅಚ್ಚು ಮಾಡಿರಲಿಲ್ಲ. ಕಚೇರಿಯ ಜಗಳದಲ್ಲಿ ನನ್ನ ಊರಿಗೆ ನ್ಯಾಯವಾಗಿ ಸಲ್ಲಬೇಕಾದ ಭಾಗ ಇಷ್ಟು.

ಕೃಷ್ಣನ್‌ರ ಭಾಗ ಇದಕ್ಕಿಂತ ದೊಡ್ಡದು. ಬೆಂಗಳೂರಿನ ಭಾಷಣವೂ ಮಾರ್ಚ್ 8ರ ಪತ್ರವೂ ರಾಮನ್ ಒಬ್ಬರ ಹೆಸರಿನಲ್ಲಿವೆ. 1930ರ ನೊಬೆಲ್ ಕೂಡ. ದಿನಚರಿ ಓದಿದರೆ ದಿನದಿನದ ನೋಟದಲ್ಲಿ ಕೃಷ್ಣನ್ ಎಷ್ಟಿದ್ದರು ಎಂಬುದು ತಿಳಿಯುತ್ತದೆ. ಆದರೆ ಅದೇ ದಿನಚರಿ, ಇದು ಏನೆಂದು ರಾತ್ರಿ ಮನೆ ಬಾಗಿಲಿಗೆ ಬಂದು ಹೇಳಿದವರು ರಾಮನ್ ಎಂದೂ ಹೇಳುತ್ತದೆ. ತನ್ನ ಪಾಲನ್ನು ಹೆಚ್ಚಿಸಿಕೊಳ್ಳಲು ಬರೆದವರು ಆ ರಾತ್ರಿಯನ್ನು ಸುಲಭವಾಗಿ ಬಿಟ್ಟುಬಿಡಬಹುದಿತ್ತು. 7ರ ರಾತ್ರಿಗೆ ಲಂಡನ್ನಿನ ಗಡಿಯಾರದ ಬೆಂಬಲವಿಲ್ಲ. ಅದಕ್ಕೆ ಇರುವುದು ಕೃಷ್ಣನ್‌ರ ಮಾತೊಂದೇ. ನನ್ನ ಪಟ್ಟಿಯಲ್ಲಿ ಆ ಸಾಲಿನ ಮುಂದೆ 'ಒಂದೇ ಸಾಕ್ಷಿ, ಆದರೆ ತನ್ನ ಲಾಭಕ್ಕೆ ವಿರುದ್ಧ' ಎಂದು ಬರೆದೆ. ನಮ್ಮ ವೃತ್ತಿಯಲ್ಲಿ ಅಂಥ ಸಾಕ್ಷಿಗೆ ಬೆಲೆ ಹೆಚ್ಚು.