ಹತ್ತು ಬೆರಳಿನ ಭವಿಷ್ಯ

ನಮ್ಮ ಕಾಲದಲ್ಲಿ ಕೆರಿಯರ್ ಕೌನ್ಸೆಲಿಂಗ್ ಪುಕ್ಕಟೆ, ಕೇಳದಿದ್ದರೂ ಸಿಗುತ್ತಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನ ತಾಲ್ಲೂಕು ಕಚೇರಿಯ ದೊಡ್ಡಪ್ಪ ಬಂದು, ಒಂದು ಲೋಟ ಕಾಫಿ ಕುಡಿದು, "ಟೈಪಿಂಗ್ ಸೀನಿಯರ್ ಮಾಡ್ಕೊ, ಹೇಗೋ ಬದುಕ್ಕೋತೀಯ" ಅಂದು ಹೊರಟರೆ ಮುಗಿಯಿತು. ಅವರಿಗೆ ಗೊತ್ತಿದ್ದ ಉದ್ಯೋಗಗಳೇ ಎರಡೋ ಮೂರೋ. ಆದರೆ ಟೈಪಿಂಗ್ ಇನ್‌ಸ್ಟಿಟ್ಯೂಟಿನಿಂದ ಅವರಿಗೆ ಬಿಡಿಗಾಸೂ ಬರುತ್ತಿರಲಿಲ್ಲ.

ಅಕ್ಕನ ಮಗ ಸೆಕೆಂಡ್ ಪಿಯು ಮುಗಿಸುವಷ್ಟರಲ್ಲಿ ಅಂಥ ದೊಡ್ಡಪ್ಪಂದಿರು ಮುಗಿದುಹೋಗಿದ್ದರು. ಎ.ಸಿ. ಕೋಣೆಯ ಸಲಹೆಗಾರರೊಬ್ಬರು 12,000 ರೂಪಾಯಿಯ ಪ್ಯಾಕೇಜ್ ಮುಂದಿಟ್ಟರು. ಹತ್ತು ಬೆರಳನ್ನೂ ಸ್ಕ್ಯಾನರಿಗೆ ಒತ್ತಿದರೆ ಹುಡುಗ ಎಂಜಿನಿಯರೋ ವಕೀಲನೋ ಗೊತ್ತಾಗುತ್ತದಂತೆ. ಡಿಎಂಐಟಿ ಎಂದು ಹೆಸರು. ಬೆರಳಿನ ಗೆರೆ ತಾಯಿಯ ಹೊಟ್ಟೆಯಲ್ಲೇ ಮೂಡುತ್ತದೆ, ನಿಜ. ಅದರಿಂದ ಓದಿನ ದಾರಿ ತಿಳಿಯುತ್ತದೆ ಎನ್ನುವುದಕ್ಕೆ ವಿಜ್ಞಾನದ ಆಧಾರವಿಲ್ಲ. ಆದರೆ ಹೀಗೆಂದರೆ ಅಕ್ಕ ಕೇಳುವವಳಲ್ಲ. ದುಡ್ಡು ಕೊಡುವ ಮುಂಚೆ ಮಾದರಿ ವರದಿಯೊಂದನ್ನು ಕೇಳಿ ಪಡೆದೆ. ಹೆಸರು ಅಳಿಸಿದ, ಯಾವುದೋ ಹುಡುಗಿಯ ವರದಿ. 'ಬುದ್ಧಿ ಚುರುಕು, ಪೂರ್ತಿ ಬಳಸುತ್ತಿಲ್ಲ. ಇಷ್ಟವಾದದ್ದನ್ನು ಗಂಟೆಗಟ್ಟಲೆ ಮಾಡಬಲ್ಲರು. ಟೀಕೆ ಬೇಗ ಮನಸ್ಸಿಗೆ ತಾಗುತ್ತದೆ.'

"ಅಯ್ಯೋ, ಥೇಟ್ ನಮ್ಮ ಪುಟ್ಟನೇ!" ಅಂದಳು ಅಕ್ಕ.

"ನಾನೂ ಹಾಗೇನೇ," ಅಂದರು ಭಾವ, ಮೆಲ್ಲಗೆ.

"ಕಾಲೇಜಿನೋರು ನಿಮಗೇನಾದರೂ ಕೊಡ್ತಾರಾ ಸಾರ್?" ಎಂದೂ ಕೇಳಿಬಿಟ್ಟೆ. ಮ್ಯಾನೇಜ್‌ಮೆಂಟ್ ಸೀಟಿಗೆ ಹುಡುಗರನ್ನು ಕರೆತಂದವರಿಗೆ ಕಮಿಷನ್ ಸಿಗುವುದುಂಟು. ಅವರು "ಬರೀ ಟೈ-ಅಪ್ಪು" ಎಂದು ನಕ್ಕು, ಮೇಜಿನ ಮೇಲಿದ್ದ ಬ್ರೋಷರನ್ನು ಡ್ರಾಯರಿಗೆ ಸರಿಸಿದರು. ಈ ಕಸುಬಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಗೋಡೆಯ ಸರ್ಟಿಫಿಕೇಟುಗಳನ್ನು ಓದಿಕೊಂಡು ಎದ್ದು ಬಂದೆವು.

ಆಮೇಲೆ ಸಿಕ್ಕವರು ನಿವೃತ್ತ ಮೇಡಂ ಒಬ್ಬರು. ಮೈಸೂರಿನ ರೀಜನಲ್ ಕಾಲೇಜಿನಲ್ಲಿ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಡಿಪ್ಲೊಮಾ ಮಾಡಿದವರು, ಗಂಟೆಗಿಷ್ಟು ಎಂದು ಫೀಸು. ಅವರು ಬರೆಸಿದ ಆಪ್ಟಿಟ್ಯೂಡ್ ಪರೀಕ್ಷೆಗೆ ಹೆಸರಿತ್ತು, ಕೈಪಿಡಿಯಿತ್ತು. ಅಂಕಗಳನ್ನು ಯಾವ ಮಕ್ಕಳ ಜೊತೆ ಹೋಲಿಸುತ್ತೀರಿ ಎಂದರೆ ಪುಟ ತೆಗೆದು ತೋರಿಸಿದರು. "ಮೆಕ್ಯಾನಿಕಲ್ ರೀಸನಿಂಗ್‌ನಲ್ಲಿ ಹುಡುಗ ಚೆನ್ನಾಗಿದಾನೆ. ಹತ್ತನೇವರೆಗೂ ಕನ್ನಡ ಮೀಡಿಯಂ ಓದಿದವನು, ಹಾಗಾಗಿ ಇಂಗ್ಲಿಷ್ ಪದಗಳ ಭಾಗದ ಅಂಕ ನಾನು ನಂಬಲ್ಲ," ಎಂದು ತಮ್ಮ ಪರೀಕ್ಷೆಗೇ ಕೊಕ್ಕೆ ಹಾಕಿದರು. ಸಿಇಟಿಯ ಆಪ್ಷನ್ ಎಂಟ್ರಿ ಮಾಡಿಸಿಕೊಡಿ ಎಂದದ್ದಕ್ಕೆ, "ಅದಕ್ಯಾಕೆ ನನಗೆ ದುಡ್ಡು? ಹಿಂದಿನ ವರ್ಷದ ಕಟಾಫ್ ರ‍್ಯಾಂಕ್ ಕೆಇಎ ವೆಬ್‌ಸೈಟಿನಲ್ಲೇ ಇರುತ್ತೆ. ನಿಮ್ಮ ಕೆಟಗರಿಯ ಸಾಲು ನೋಡಿ, ಇಷ್ಟದ ಕಾಲೇಜು ಮೇಲೆ ಹಾಕ್ತಾ ಬನ್ನಿ" ಎಂದರು.

"ಹತ್ತು ವರ್ಷ ಆದ್ಮೇಲೆ ಯಾವ ಬ್ರಾಂಚಿಗೆ ಕೆಲಸ ಇರುತ್ತೆ ಮೇಡಂ?" ಅಕ್ಕ ಕೇಳಿದಳು.

"ನನಗೆ ಗೊತ್ತಿಲ್ಲಮ್ಮ."

ಆಟೋ ಹತ್ತಿದ್ದೇ ಅಕ್ಕ ಸಿಡುಕಿದಳು: "ಫೀಸು ತಗೊಂಡು ಗೊತ್ತಿಲ್ಲ ಅಂತಾರಲ್ಲೋ! ಆ ಮೊದಲಿನೋರು ಮದುವೆ ಯಾವಾಗ ಅಂತಾನೂ ಹೇಳ್ತಿದ್ರೇನೋ."