ಹಾಲು ವದ್ದು: ಎರಡು ಭಾಷೆಯ ಮನೆಯಲ್ಲಿ ಮಾತಿನ ಲೆಕ್ಕ

ಮನೆಯಲ್ಲಿ ಎರಡು ಭಾಷೆ ಇದ್ದು, ಮಗುವಿಗೆ ಮಾತು ತಡವಾದರೆ ಸಿಗುವ ಸಲಹೆ ಒಂದೇ: "ಒಂದು ಭಾಷೆ ಬಿಟ್ಬಿಡಿ, ಮಗೂಗೆ ಕನ್‌ಫ್ಯೂಸ್ ಆಗ್ತಿದೆ." ನಮ್ಮನೆಯಲ್ಲಿ ನನ್ನದು ಕನ್ನಡ, ಹೆಂಡತಿಯದು ತೆಲುಗು. ಮಗಳಿಗೆ ಎರಡು ವರ್ಷ ತುಂಬಿದಾಗ, ಬಿಡಬೇಕಾದ್ದು ತೆಲುಗು ಅಂತ ಬಂಧುಗಳೇ ತೀರ್ಮಾನ ಮಾಡಿಬಿಟ್ಟರು. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ಮಗುವನ್ನು ನೋಡಿಕೊಳ್ಳುವವರು ಅನಂತಪುರದಿಂದ ಬಂದಿರುವ ನಮ್ಮ ಅತ್ತೆ. ಅವರಿಗೆ ತೆಲುಗು ಬಿಟ್ಟು ಬೇರೆ ಬರೋದಿಲ್ಲ. ಈ ಮಾತು ಕಿವಿಗೆ ಬಿದ್ದ ಮೇಲೆ ಅವರು ಮೊಮ್ಮಗಳ ಜೊತೆ ಮಾತನ್ನೇ ಕಡಿಮೆ ಮಾಡಿದರು. ಮಾತು ಕಲಿಯಬೇಕಾದ ಮಗುವಿನ ಸುತ್ತ ಹಗಲೆಲ್ಲ ಮೌನ!

ನಾವು ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋದೆವು. ಅವರು ಮೊದಲು ಹೇಳಿದ್ದೇ ಇದು: "ಎರಡು ಭಾಷೆ ಕೇಳೋದರಿಂದ ಮಾತು ತಡ ಆಗೋದಿಲ್ಲ. ಯಾವುದನ್ನೂ ಬಿಡಬೇಡಿ. ಒಂದು ವಾರ ಅವಳು ಆಡೋ ಪದಗಳನ್ನ ಬರೆದುಕೊಂಡು ಬನ್ನಿ. ಅಜ್ಜಿ ಹತ್ತಿರಾನೂ ಕೇಳಿ ಬರೀರಿ."

ಯಾವುದು ಪದ ಅನ್ನೋದಕ್ಕೂ ನಿಯಮ ಇದೆ. ಮಗು ತಾನಾಗಿಯೇ, ಪ್ರತಿ ಸಲ ಒಂದೇ ವಸ್ತುವಿಗೆ ಒಂದೇ ಸದ್ದು ಬಳಸಿದರೆ ಅದು ಪದ. ಉಚ್ಚಾರ ಸ್ಪಷ್ಟ ಇರಬೇಕಾಗಿಲ್ಲ. ಬಿಸ್ಕತ್ತಿಗೆ ಯಾವಾಗಲೂ "ಬಿಕ್ಕಿ" ಅಂದರೆ ಲೆಕ್ಕಕ್ಕೆ ಸೇರುತ್ತದೆ. ನಾಯಿಗೆ "ಭೌ ಭೌ" ಅಂದರೂ ಸರಿ. ನಾವು ಹೇಳಿಕೊಟ್ಟ ತಕ್ಷಣ ಗಿಳಿಯಂತೆ ಒಪ್ಪಿಸಿದ್ದು ಮಾತ್ರ ಸೇರುವುದಿಲ್ಲ.

ವಾರದ ಕೊನೆಗೆ ನನ್ನ ಫೋನಿನಲ್ಲಿ 16 ಕನ್ನಡ ಪದ ಇದ್ದವು. ಅತ್ತೆ ಹೇಳಿ ಬರೆಸಿದ ತೆಲುಗು ಪದಗಳು 21. ನಾವಿಬ್ಬರೂ ಕೇಳಿಯೇ ಇರದ ಎಷ್ಟೋ ಪದಗಳು ಅವರ ಪಟ್ಟಿಯಲ್ಲಿದ್ದವು. ಬೆಕ್ಕಿಗೆ "ಪಿಲ್ಲಿ" ಮಾತ್ರ ಗೊತ್ತು, ಚಂದ್ರನಿಗೆ "ಚಂದಮಾಮ", ಬಸ್ಸಿಗೆ ನನ್ನಿಂದ ಕಲಿತ "ಬಸ್ಸು". ಎರಡು ಭಾಷೆ ಕಲಿಯುವ ಮಕ್ಕಳು ಹೀಗೆಯೇ, ಯಾರ ಜೊತೆ ಏನು ಮಾಡುತ್ತಾರೋ ಆ ಪದ ಅವರ ಭಾಷೆಯಲ್ಲಿ ಬರುತ್ತದೆ. ಹಾಗಾಗಿ ಒಂದೇ ಭಾಷೆ ಎಣಿಸಿದರೆ ಮಗು ನಿಜಕ್ಕಿಂತ ಹಿಂದಿರುವಂತೆ ಕಾಣುತ್ತದೆ. ಎರಡನ್ನೂ ಕೂಡಿಸಬೇಕು: 37.

ಇನ್ನೊಂದು ಸಂಗತಿಯೂ ಪಟ್ಟಿಯಲ್ಲಿತ್ತು. ಲೋಟ ತಳ್ಳಿ ಅವಳು "ಹಾಲು ವದ್ದು" ಅನ್ನುತ್ತಿದ್ದಳು. ಹಾಲು ಕನ್ನಡ, 'ಬೇಡ' ಅನ್ನುವುದು ತೆಲುಗು. ಇದನ್ನೇ ಬಂಧುಗಳು ಗೊಂದಲ ಅಂದಿದ್ದು. ಥೆರಪಿಸ್ಟ್ ಮಾತ್ರ ಅದನ್ನು ಎರಡು ಪದ ಜೋಡಿಸಿದ ವಾಕ್ಯ ಅಂತಲೇ ಬರೆದುಕೊಂಡರು. ಎರಡು ಭಾಷೆ ಬಲ್ಲ ದೊಡ್ಡವರೂ ಹಾಗೆ ಬೆರೆಸುತ್ತೇವಲ್ಲ.

ಆದರೆ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಎರಡು ವರ್ಷಕ್ಕೆ ಸುಮಾರು 50 ಪದ ಇರಬೇಕು, ಎರಡೆರಡು ಪದ ಜೋಡಿಸಲು ಶುರುವಾಗಿರಬೇಕು. 37 ಅದಕ್ಕಿಂತ ಕಡಿಮೆಯೇ, ಜೋಡಿಸಿದ್ದೂ ಅದೊಂದೇ. ಅವಳು ಬೆರಳು ಮಾಡಿ ತೋರಿಸುತ್ತಿದ್ದಳು, "ಚಪ್ಪಲಿ ತಗೊಂಡು ಬಾ" ಅಂದರೆ ಎರಡೂ ಭಾಷೆಯಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದಳು. ಇದು ಒಳ್ಳೆಯ ಸೂಚನೆ. ಎರಡು ಭಾಷೆಯಲ್ಲೂ ಮಾತು ಕಡಿಮೆ ಇದ್ದರೆ ಕಾರಣ ಬೇರೆ ಕಡೆ ಹುಡುಕಬೇಕು ಎಂದ ಥೆರಪಿಸ್ಟ್, ಮೊದಲು ಕಿವಿ ಪರೀಕ್ಷೆ ಬರೆದುಕೊಟ್ಟರು.

"ಕರೆದರೆ ತಿರುಗ್ತಾಳಲ್ಲ, ಕಿವಿ ಯಾಕೆ?" ಅಂತ ಹೆಂಡತಿ ಕೇಳಿದಳು. ಕರೆಗಂಟೆಗೆ, ಜೋರು ಮಾತಿಗೆ ತಿರುಗುವ ಮಗುವಿಗೂ ಮೆಲ್ಲನೆಯ ಸದ್ದುಗಳು ಮಸುಕಾಗಿ ಕೇಳುತ್ತಿರಬಹುದು. ಪದೇ ಪದೇ ಶೀತ ಆಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ನಿಲ್ಲುತ್ತದೆ. ನೋವು, ಜ್ವರ ಏನೂ ಇರದೆಯೂ ಇರಬಹುದು. ಕಿವಿಗೆ ಬೆರಳಿಟ್ಟುಕೊಂಡು ಮಾತು ಕೇಳಿದರೆ ಹೇಗಿರುತ್ತದೋ ಹಾಗೆ. 'ಸ', 'ತ'ದಂಥ ಸಣ್ಣ ಸದ್ದುಗಳು ಆಗ ತಪ್ಪಿಹೋಗುತ್ತವೆ.

ಟಿಂಪನೊಮೆಟ್ರಿ ಅನ್ನುವ ಪರೀಕ್ಷೆಯಲ್ಲಿ ಕಿವಿಯೊಳಗೆ ಪುಟ್ಟ ಬಿರಡೆಯಂಥದ್ದನ್ನಿಟ್ಟು ಗಾಳಿಯ ಒತ್ತಡ ಬದಲಿಸುತ್ತಾರೆ. ಒಂದೆರಡು ನಿಮಿಷದ ಕೆಲಸ, ನೋವಿಲ್ಲ. ತಮಟೆ ಸರಾಗವಾಗಿ ಅಲುಗಿದರೆ ಪರದೆ ಮೇಲೆ ಗುಡ್ಡದಂಥ ಗೆರೆ ಬರುತ್ತದೆ. ಮಗಳ ಎರಡೂ ಕಿವಿಯದು ಚಪ್ಪಟೆ ಗೆರೆ. ಇಎನ್‌ಟಿ ಡಾಕ್ಟರು ನೋಡಿ ದ್ರವ ಇರುವುದನ್ನು ಖಚಿತಪಡಿಸಿದರು. ಬಹಳ ಮಕ್ಕಳಲ್ಲಿ ಅದು ತಾನಾಗಿಯೇ ಇಳಿಯುತ್ತದೆ, ಹಾಗಾಗಿ ಮೂರು ತಿಂಗಳು ಕಾದು ಮತ್ತೆ ಪರೀಕ್ಷೆ ಮಾಡೋಣ ಎಂದರು. ಇಳಿಯದೆ ಕೇಳಿಸುವುದು ಕಡಿಮೆಯೇ ಉಳಿದರೆ ಸಣ್ಣ ಕೊಳವೆ ಹಾಕುವ ಮಾತು ಬರುತ್ತದೆ.

ಆ ಮೂರು ತಿಂಗಳು ಥೆರಪಿಯ ಜೊತೆಗೆ ಮನೆಯಲ್ಲೂ ಕೆಲಸ ಇತ್ತು. ಟಿವಿ ಆರಿಸಿ, ಅವಳ ಎತ್ತರಕ್ಕೆ ಕೂತು, ಮುಖ ಕಾಣುವ ಹಾಗೆ ಹತ್ತಿರದಿಂದ ಮಾತಾಡುವುದು. ಅವಳು "ಪಿಲ್ಲಿ" ಅಂದರೆ ಅತ್ತೆ "ತೆಲ್ಲ ಪಿಲ್ಲಿ" ಅಂತ ಒಂದು ಪದ ಸೇರಿಸಿ ಹೇಳುವರು, ಅಂದರೆ ಬಿಳಿ ಬೆಕ್ಕು. ನಾನು "ಬಸ್ಸು" ಕೇಳಿದರೆ "ದೊಡ್ಡ ಬಸ್ಸು" ಅನ್ನುತ್ತಿದ್ದೆ.

ಮೂರು ತಿಂಗಳ ನಂತರ ಎರಡೂ ಕಿವಿಯ ಗೆರೆ ಗುಡ್ಡದ ಆಕಾರಕ್ಕೆ ಬಂತು. ಪಟ್ಟಿ 90 ದಾಟಿತ್ತು, ಅದರಲ್ಲಿ ಹೆಚ್ಚಿನವು ತೆಲುಗು. ಕಿವಿಯಿಂದಲೋ, ಥೆರಪಿಯಿಂದಲೋ, ವಯಸ್ಸಿನಿಂದಲೋ ಅಂತ ಬೇರೆ ಮಾಡಿ ಹೇಳಲು ಆಗದು. ತೆಲುಗು ಬಿಟ್ಟಿದ್ದರೆ ಕಿವಿಯ ದ್ರವವೇನೂ ಇಳಿಯುತ್ತಿರಲಿಲ್ಲ, ಅದಂತೂ ನಿಜ.

ನಿಮ್ಮ ಮನೆಯಲ್ಲೂ ಎರಡು ಭಾಷೆ ಇದ್ದರೆ, ಎರಡನ್ನೂ ಸೇರಿಸಿ ಎಣಿಸಿ. ಎರಡು ವರ್ಷಕ್ಕೆ ಒಟ್ಟು 50 ಆಗದಿದ್ದರೆ ಅಥವಾ ಪದ ಜೋಡಿಸದಿದ್ದರೆ ಮೂರು ವರ್ಷದವರೆಗೆ ಕಾಯದೆ ಕಿವಿ ಪರೀಕ್ಷೆ ಮಾಡಿಸಿ. ಬೆರಳು ಮಾಡಿ ತೋರಿಸದಿದ್ದರೆ, ಹೇಳಿದ್ದು ಅರ್ಥವಾಗದಿದ್ದರೆ, ಇದ್ದ ಪದಗಳೇ ಕಳೆದುಹೋದರೆ ಒಂದು ವಾರದ ಪಟ್ಟಿಯೂ ಬೇಡ, ನೇರ ಮಕ್ಕಳ ಡಾಕ್ಟರ ಹತ್ತಿರ ಹೋಗಿ.