ಮೂರು ಕಿಲೋಮೀಟರ್ ದೂರದವನು

ಡೇಟಿಂಗ್ ಆ್ಯಪ್ ಹಾಕಿಕೊಳ್ಳಲೆಂದೇ ನಾನು ಹೊಸ ಸಿಮ್ ಕೊಂಡೆ, ಅದೂ ಹುಬ್ಬಳ್ಳಿಗೆ ಹೋದಾಗ. ಶಿರಸಿಯಲ್ಲಿ ಕೊಂಡಿದ್ದರೆ ಅಂಗಡಿಯವನು, "ಮೇಡಮ್, ಮೊದಲಿನದಕ್ಕೆ ಎಂತಾಯ್ತು?" ಎಂದು ಕೇಳುತ್ತಿದ್ದ. ಮೂವತ್ನಾಲ್ಕು ವರ್ಷದ, ಮದುವೆಯಾಗದ ಲೆಕ್ಚರರ್‌ಗೆ ಎರಡನೇ ನಂಬರ್ ಯಾಕೆ ಎಂಬ ಪ್ರಶ್ನೆ ಅಲ್ಲಿಂದ ಹೊರಟರೆ, ನಾನು ಮನೆ ಮುಟ್ಟುವುದರೊಳಗೆ ಅದು ಬಂದು ಜಗಲಿಯ ಮೇಲೆ ಕೂತಿರುತ್ತದೆ.

ಆ್ಯಪಿನಲ್ಲೊಂದು ಅನುಕೂಲವಿದೆ. ಫೋನಿನಲ್ಲಿರುವ ನಂಬರುಗಳನ್ನು ಅದಕ್ಕೆ ಒಪ್ಪಿಸಿ, ಇವರ ಕಣ್ಣಿಗೆ ನಾನು ಬೀಳುವುದು ಬೇಡ, ನನ್ನ ಕಣ್ಣಿಗೆ ಇವರೂ ಬೇಡ ಎನ್ನಬಹುದು. ಒಂದು ಗುಟ್ಟು ಕಾಯಲು ಇಡೀ ಬಳಗದ ನಂಬರುಗಳನ್ನು ಗುರುತಿಲ್ಲದವರ ಕೈಗೆ ಕೊಡಬೇಕು, ಇರಲಿ. ಒಂದು ರಾತ್ರಿ ಕೂತು ಪ್ರಿನ್ಸಿಪಾಲರಿಂದ ಗ್ಯಾಸ್ ಸಿಲಿಂಡರಿನವನವರೆಗೆ ಎಲ್ಲರನ್ನೂ ತಡೆದೆ. ಬೆಳಿಗ್ಗೆ ತೆರೆದರೆ ಮೊದಲು ಕಂಡದ್ದು ದೊಡ್ಡಮ್ಮನ ಮನೆ ಪಕ್ಕದ ಹುಡುಗ. ಅವನ ನಂಬರು ನನ್ನ ಪಟ್ಟಿಯಲ್ಲಿತ್ತು. ಆದರೆ ಈ ತಡೆ ಹಿಡಿಯುವುದು ಮನುಷ್ಯನನ್ನಲ್ಲ, ನಂಬರನ್ನು. ಅವನೂ ನನ್ನ ಹಾಗೆ ಎರಡನೇ ಸಿಮ್ ಕೊಂಡಿರಬೇಕು. ಅಂದರೆ ಯಾರಿಗೂ ಕಾಣಬಾರದೆಂದು ಹೆಚ್ಚು ಜಾಗ್ರತೆ ಮಾಡಿದವರೇ ಈ ಜರಡಿಯಿಂದ ಮೊದಲು ಕೆಳಗುದುರುವವರು. ಅವನು ನನ್ನ ಹಳೇ ನಂಬರನ್ನು ತಡೆದಿದ್ದರೆ ನಾನೂ ಹಾಗೆಯೇ ಉದುರಿ ಅವನ ಮುಂದೆ ಬಿದ್ದಿರುತ್ತೇನೆ.

ಇದಕ್ಕಿಂತ ದೊಡ್ಡ ತೂತು ಬೇರೆಯೇ ಇದೆ. ಬೆಂಗಳೂರಲ್ಲಿ ನಮ್ಮನ್ನು ಬಲ್ಲವರ ನಂಬರು ಸಾಮಾನ್ಯವಾಗಿ ನಮ್ಮ ಫೋನಿನಲ್ಲಿರುತ್ತದೆ. ಶಿರಸಿಯಲ್ಲಿ ನನ್ನನ್ನು ಬಲ್ಲ ಎಷ್ಟೋ ಜನರ ಹೆಸರೂ ನನಗೆ ಗೊತ್ತಿಲ್ಲ. ಅವರಿಗೆ ಮಾತ್ರ ನನ್ನ ಅಜ್ಜನ ಮನೆ ಯಾವ ಊರು, ತೋಟ ಎಷ್ಟು ಎಕರೆ ಎಂಬುದು ಸಹಿತ ಗೊತ್ತು.

ಹಾಗಾಗಿ ಬೆನ್ನು ತಿರುಗಿಸಿ ನಿಂತ ಫೋಟೋ ಹಾಕಿದೆ. ಎರಡು ದಿನದ ಮೇಲೆ ನೋಡಿದರೆ ಮೂಲೆಯಲ್ಲಿ ನನ್ನ ಸ್ಕೂಟರ್, ನಂಬರ್ ಪ್ಲೇಟ್ ಸಮೇತ. ತೆಗೆದು ಬೇರೆ ಹಾಕಿದೆ. ನೋಡಿದವನು ತಾನೂ ಅಲ್ಲಿರುವವನೇ, ಬಾಯಿ ಬಿಡಲಾರ ಎಂದು ಧೈರ್ಯ ಹೇಳಿಕೊಳ್ಳಬಹುದು. ಆದರೆ ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಒಮ್ಮೆ ಇಂಥದೊಂದು ಸ್ಕ್ರೀನ್‌ಶಾಟ್ ಬಂದಾಗ ಹಾಕಿದಾತ ಬರೆದಿದ್ದ: "ಗೆಳೆಯನ ಮೊಬೈಲಲ್ಲಿ ಕಂಡಿದ್ದು." ಆ ಗೆಳೆಯ ಯಾರೆಂದು ಒಬ್ಬರೂ ಕೇಳಲಿಲ್ಲ.

ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ ಜನ ಊರಿಗೆ ಬಂದಾಗ ಆ್ಯಪೂ ತುಂಬಿ ತುಳುಕುತ್ತದೆ. ಉಳಿದ ದಿನ ಹತ್ತು ನಿಮಿಷ ಬೆರಳಾಡಿಸಿದರೆ ಊರೇ ಮುಗಿಯಿತು. ಅಂಥದೊಂದು ಖಾಲಿ ದಿನ ಸಿಕ್ಕವನು ಅವನು. ಹೆಸರಿನ ಜಾಗದಲ್ಲಿ ಒಂದೇ ಅಕ್ಷರ, ಫೋಟೋದಲ್ಲಿ ಮಳೆಗೆ ತೊಯ್ದ ಅಡಿಕೆ ತೋಟ. ಬಲಕ್ಕೆ ತಳ್ಳಿದೆ, ಮ್ಯಾಚ್ ಆಯಿತು. ಮಾತು ಮಳೆಯಿಂದ ಕೊಳೆರೋಗಕ್ಕೆ, ಅಲ್ಲಿಂದ ಹಳೇ ಸಿನಿಮಾ ಹಾಡಿಗೆ ಹೋಗುತ್ತಿತ್ತು. ಯಾರೆಂದು ಮಾತ್ರ ಕೇಳಲಿಲ್ಲ. ಕೇಳಿದರೆ ನಾನೂ ಹೇಳಬೇಕಲ್ಲ.

ಬದಲಿಗೆ ದೂರ ನೋಡತೊಡಗಿದೆ. ಮನೆಯಲ್ಲಿ ತೆರೆದರೆ 3 ಕಿಲೋಮೀಟರ್, ಕಾಲೇಜಿನಲ್ಲಿ 1. ಟಿಂಡರ್ ಹಿಂದೊಮ್ಮೆ ಈ ದೂರವನ್ನು ತೀರಾ ನಿಖರವಾಗಿ ಹೊರಗೆ ಬಿಡುತ್ತಿತ್ತು, ಮೂರು ಜಾಗದಿಂದ ಅಳೆದು ವೃತ್ತ ಎಳೆದರೆ ಅವು ಕೂಡುವಲ್ಲಿ ಆ ವ್ಯಕ್ತಿ ಸಿಗುತ್ತಾನೆ ಎಂದು 2014ರಲ್ಲಿ ಭದ್ರತಾ ಸಂಶೋಧಕರು ಬಯಲು ಮಾಡಿದ್ದರು. ಈಗ ಸಿಗುವುದು ಇಡೀ ಕಿಲೋಮೀಟರಿನ ಲೆಕ್ಕ. ದೊಡ್ಡ ನಗರದಲ್ಲಿ ಅದರಿಂದ ಏನೂ ತಿಳಿಯದು. ನಮ್ಮೂರಿಗೆ ಎರಡೇ ವೃತ್ತ ಸಾಕು: ಕಾಲೇಜು ರಸ್ತೆಯ ಮೆಡಿಕಲ್ ಶಾಪಿನವನು. ಮದುವೆಯಾಗಿಲ್ಲ, ತೋಟ ಇದೆ, ಅಂಗಡಿಯಲ್ಲಿ ಸದಾ ಹಳೇ ಹಾಡು. ಮೂರು ವಾರ ತಲೆನೋವಿನ ಗುಳಿಗೆಯನ್ನು ಬಸ್‌ಸ್ಟ್ಯಾಂಡ್ ಹತ್ತಿರ ಹೋಗಿ ತಂದೆ.

ಆಮೇಲೆ ಬುದ್ಧಿ ಬಂತು. ಆ ಸಂಖ್ಯೆ ಹೇಳುವುದು ಅವನು ಈಗ ಎಲ್ಲಿದ್ದಾನೆ ಎಂದಲ್ಲ, ಕೊನೆಯ ಸಲ ಆ್ಯಪ್ ತೆರೆದಾಗ ಎಲ್ಲಿದ್ದ ಎಂದು. ಮುಚ್ಚಿಟ್ಟರೆ ಅಲ್ಲೇ ನಿಂತಿರುತ್ತದೆ. ಯಾರೋ ಒಬ್ಬ ಕಾಲೇಜು ರಸ್ತೆಯಲ್ಲಿ ಚಾ ಕುಡಿಯುತ್ತ ತೆರೆದು ಮುಚ್ಚಿರಬಹುದು.

ಮೊನ್ನೆ ಧೈರ್ಯ ಮಾಡಿ ಅದೇ ಅಂಗಡಿಗೆ ಹೋದೆ. ಅವನು ಒಳಗೆ ಗುಳಿಗೆ ಹುಡುಕುತ್ತಿದ್ದಾಗ ಕೌಂಟರಿನ ಈಚೆ ನಿಂತು ಫೋನ್ ತೆರೆದೆ. 87 ಕಿಲೋಮೀಟರ್. ಹುಬ್ಬಳ್ಳಿ! ಬಸ್ಸಿಗೆ ಅದು ನೂರರಷ್ಟಾಗುತ್ತದೆ. ಆ್ಯಪ್ ರಸ್ತೆಯ ತಿರುವು ಲೆಕ್ಕಿಸದೆ ನಕ್ಷೆಯ ಮೇಲೆ ಸ್ಕೇಲಿಟ್ಟಂತೆ ಅಳೆಯುತ್ತದೆ. ಇವನಲ್ಲ. ಎದೆಯ ಭಾರ ಇಳಿಯಿತು. ಯಾಕೋ ಸ್ವಲ್ಪ ಬೇಸರವೂ ಆಯಿತು.

"ನಿಮ್ಮ ಪುಣ್ಯ ಮೇಡಮ್," ಎನ್ನುತ್ತ ಅವನು ಹೊರಬಂದ. "ಈ ಗುಳಿಗೆ ಮುಗಿದುಹೋಗಿತ್ತು. ನಿನ್ನೆ ಹುಬ್ಬಳ್ಳಿಗೆ ಹೋಗಿ ತಂದೆ."

ಚಿಲ್ಲರೆ ಎಣಿಸಿ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ. ಹೊರಗೆ ನಿಲ್ಲಿಸಿದ್ದ ನನ್ನ ಸ್ಕೂಟರಿನ ಕಡೆ ನೋಡುತ್ತಿದ್ದ.